ಹಾಟ್‌ಸ್ಪಾಟ್ ಆನ್ ಇದೆ, ಇಂಟರ್‌ನೆಟ್ ಮಾತ್ರ ಬರುತ್ತಿಲ್ಲ: ಡೇಟಾ ಮಿತಿ, ಬ್ಯಾಂಡ್ ಎರಡನ್ನೂ ಪರೀಕ್ಷಿಸುವ ಬಗೆ

ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿದ್ದೀರಿ. ಲ್ಯಾಪ್‌ಟಾಪ್‌ಗೆ ಅದರ ಹೆಸರು ಕಾಣಿಸಿದೆ, ಪಾಸ್‌ವರ್ಡ್ ಕೂಡ ಒಪ್ಪಿದೆ. ಆದರೆ ಹೆಸರಿನ ಕೆಳಗೆ No internet ಎಂದು ಬಂದು ಕೂತಿದೆ. ಫೋನಿನಲ್ಲಿ ನೋಡಿದರೆ ವಿಡಿಯೊ ಸಲೀಸಾಗಿ ಓಡುತ್ತಿದೆ. ಆಗ ಎಲ್ಲರೂ ಮಾಡುವ ಕೆಲಸ ಗೊತ್ತೇ ಇದೆ. ಹಾಟ್‌ಸ್ಪಾಟ್ ಒಮ್ಮೆ ಆಫ್ ಮಾಡಿ ಆನ್ ಮಾಡುವುದು, ಆಮೇಲೆ ಫೋನ್ ರೀಸ್ಟಾರ್ಟ್ ಮಾಡುವುದು, ಅದಕ್ಕೂ ಬಗ್ಗದಿದ್ದರೆ ಕೈಗೆ ಸಿಕ್ಕಿದ ಸೆಟ್ಟಿಂಗ್‌ಗಳನ್ನೆಲ್ಲ ಬದಲಿಸಿ ನೋಡುವುದು.

ಮೊದಲ ಎರಡನ್ನು ಧಾರಾಳವಾಗಿ ಮಾಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಮೂರನೆಯದು ಮಾತ್ರ ಬೇಡ. ನಾಲ್ಕೈದು ಸೆಟ್ಟಿಂಗ್ ಬದಲಾದ ಮೇಲೆ ಹಳೆಯ ತೊಂದರೆ ಯಾವುದು, ನಾವೇ ಹೊಸದಾಗಿ ತಂದುಕೊಂಡದ್ದು ಯಾವುದು ಎಂದು ಹೇಳುವುದೇ ಕಷ್ಟವಾಗುತ್ತದೆ. ಸೆಟ್ಟಿಂಗ್ ಮುಟ್ಟುವ ಮೊದಲು ತೊಂದರೆ ಎಲ್ಲಿದೆ ಎಂದು ಕಂಡುಕೊಳ್ಳಬೇಕು. ಅದಕ್ಕೆ ಹತ್ತು ನಿಮಿಷ ಸಾಕು.

## ದಾರಿ ಎರಡು ತುಂಡು

ಹಾಟ್‌ಸ್ಪಾಟ್ ಆನ್ ಮಾಡಿದ ಫೋನ್ ಒಂದು ಪುಟ್ಟ ರೌಟರ್ ಆಗುತ್ತದೆ. ಲ್ಯಾಪ್‌ಟಾಪ್‌ನಿಂದ ಹೊರಟ ಡೇಟಾ ಎರಡು ತುಂಡು ದಾರಿ ದಾಟಬೇಕು. ಮೊದಲ ತುಂಡು ಲ್ಯಾಪ್‌ಟಾಪ್‌ನಿಂದ ಫೋನಿನವರೆಗೆ, ಇದು ವೈ-ಫೈ. ಎರಡನೆಯ ತುಂಡು ಫೋನಿನಿಂದ ಮೊಬೈಲ್ ಟವರ್‌ವರೆಗೆ, ಅಲ್ಲಿಂದ ಆಚೆಗೆ. ಇದು ಸಿಮ್‌ನ ಡೇಟಾ.

ವೈ-ಫೈ 2.4 ಗಿಗಾಹರ್ಟ್ಜ್‌ನಲ್ಲಿ ಓಡಬೇಕೋ 5ರಲ್ಲೋ ಎಂದು ಹೇಳುವ ಬ್ಯಾಂಡ್ ಸೆಟ್ಟಿಂಗ್ ಮೊದಲ ತುಂಡಿಗೆ ಸೇರಿದ್ದು. ಡೇಟಾ ಮಿತಿ ಎರಡನೆಯದಕ್ಕೆ ಸೇರಿದ್ದು. ಹಾಟ್‌ಸ್ಪಾಟ್ ಆನ್ ಆಗಿದೆ, ಲ್ಯಾಪ್‌ಟಾಪ್ ಸೇರಿಕೊಂಡಿದೆ ಅಂದರೆ ಮೊದಲ ತುಂಡು ತೆರೆದಿದೆ ಎಂದಷ್ಟೇ ಅರ್ಥ. ಸಿಮ್‌ನಲ್ಲಿ ಡೇಟಾ ಒಂದು ಹನಿಯೂ ಇಲ್ಲದಿದ್ದರೂ ಹಾಟ್‌ಸ್ಪಾಟ್ ಹೆಸರು ಕಾಣುತ್ತದೆ, ಪಾಸ್‌ವರ್ಡ್ ಒಪ್ಪುತ್ತದೆ, ವೈ-ಫೈ ಗುರುತಿನ ಗೆರೆಗಳೆಲ್ಲ ತುಂಬಿರುತ್ತವೆ. ಆ ಗೆರೆಗಳು ಫೋನ್ ಎಷ್ಟು ಹತ್ತಿರ ಇದೆ ಎಂದು ಹೇಳುತ್ತವೆಯೇ ಹೊರತು ಇಂಟರ್‌ನೆಟ್ ಬಗ್ಗೆ ಏನೂ ಹೇಳುವುದಿಲ್ಲ.

ಹಾಗಾಗಿ ಒಂದು ಅಂದಾಜು ಸಿಗುತ್ತದೆ. ಹಾಟ್‌ಸ್ಪಾಟ್ ಹೆಸರೇ ಕಾಣದಿದ್ದರೆ, ಇಲ್ಲವೇ ಕಂಡರೂ ಸೇರಲು ಆಗದಿದ್ದರೆ ಬ್ಯಾಂಡ್ ಕಡೆ ನೋಡಿ. ಸೇರಿಕೊಂಡ ಮೇಲೂ ಇಂಟರ್‌ನೆಟ್ ಇಲ್ಲದಿದ್ದರೆ ಡೇಟಾ ಕಡೆ ನೋಡಿ. ಇದು ಅಂದಾಜು ಅಷ್ಟೇ. ಖಾತ್ರಿ ಮಾಡಿಕೊಳ್ಳಲು ಮೂರು ಪರೀಕ್ಷೆಗಳಿವೆ.

## ಮೊದಲ ಪರೀಕ್ಷೆ: ಫೋನಿನ ವೈ-ಫೈ ಆಫ್ ಮಾಡಿ

"ಫೋನಿನಲ್ಲಿ ನೆಟ್ ಚೆನ್ನಾಗಿದೆ, ಲ್ಯಾಪ್‌ಟಾಪ್‌ಗೆ ಮಾತ್ರ ಇಲ್ಲ" ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಫೋನ್ ಬೇರೆ ಯಾವುದಾದರೂ ವೈ-ಫೈ ಹಿಡಿದಿದೆಯಾ ಎಂದು. ಮನೆಯ ಅಥವಾ ಆಫೀಸಿನ ವೈ-ಫೈಗೆ ಸೇರಿರುವ ಫೋನ್‌ನಲ್ಲಿ ವಿಡಿಯೊ ಓಡಿದರೆ ಅದರಿಂದ ಸಿಮ್‌ನ ಡೇಟಾ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಐಫೋನ್‌ನ ಹಾಟ್‌ಸ್ಪಾಟ್ ಹಂಚುವುದು ಮೊಬೈಲ್ ಡೇಟಾವನ್ನು ಮಾತ್ರ. ಕೆಲವು ಆಂಡ್ರಾಯ್ಡ್ ಫೋನ್‌ಗಳು ತಾವು ಹಿಡಿದ ವೈ-ಫೈಯನ್ನೂ ಹಂಚಬಲ್ಲವು, ಎಲ್ಲವೂ ಅಲ್ಲ.

ಫೋನಿನ ವೈ-ಫೈ ಪೂರ್ತಿ ಆಫ್ ಮಾಡಿ. ವಿಪಿಎನ್ ಇದ್ದರೆ ಅದನ್ನೂ ಸದ್ಯಕ್ಕೆ ನಿಲ್ಲಿಸಿ. ಬ್ರೌಸರ್ ತೆರೆದು ಈ ಮೊದಲು ನೋಡಿರದ ಯಾವುದಾದರೂ ಪುಟ ತೆರೆಯಿರಿ. ಹಳೆಯ ಪುಟವಾದರೆ ಫೋನ್ ತನ್ನ ನೆನಪಿನಿಂದಲೇ ತೋರಿಸಿಬಿಡಬಹುದು. ಪುಟ ತೆರೆಯದಿದ್ದರೆ ಇಲ್ಲಿಗೆ ಅರ್ಧ ಕೆಲಸ ಮುಗಿಯಿತು: ತೊಂದರೆ ಎರಡನೆಯ ತುಂಡಿನಲ್ಲಿದೆ, ಲ್ಯಾಪ್‌ಟಾಪ್ ಮುಟ್ಟುವ ಅಗತ್ಯವೇ ಇಲ್ಲ.

ಎರಡು ಸಿಮ್ ಇರುವ ಫೋನಾದರೆ ಡೇಟಾ ಯಾವ ಸಿಮ್‌ನಿಂದ ಹೋಗುತ್ತಿದೆ ಎಂದೂ ಇಲ್ಲೇ ನೋಡಿಕೊಳ್ಳಿ. ಡೇಟಾ ಪ್ಯಾಕ್ ಒಂದರಲ್ಲಿದ್ದು, ಆಯ್ಕೆ ಇನ್ನೊಂದರ ಮೇಲಿರುವುದು ಅಪರೂಪವೇನಲ್ಲ. ಹಲವು ಫೋನ್‌ಗಳಲ್ಲಿ ಇನ್ನೊಂದು ಸಿಮ್‌ಗೆ ಕರೆ ಬಂದಾಗ ಡೇಟಾ ಅಷ್ಟು ಹೊತ್ತು ನಿಂತೇ ಹೋಗುತ್ತದೆ. ಮಾತಾಡುವಾಗ ಮಾತ್ರ ಲ್ಯಾಪ್‌ಟಾಪ್‌ನ ನೆಟ್ ಹೋಗುತ್ತದೆ ಅನ್ನುವವರು ಬೇರೆ ಏನನ್ನೂ ಹುಡುಕಬೇಕಿಲ್ಲ.

## ಎರಡನೆಯ ಪರೀಕ್ಷೆ: ಯುಎಸ್‌ಬಿ ಕೇಬಲ್

ಇದು ನನಗೆ ತುಂಬ ಇಷ್ಟದ ಪರೀಕ್ಷೆ. ಫೋನನ್ನು ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ. ಆಂಡ್ರಾಯ್ಡ್‌ನಲ್ಲಿ ಹಾಟ್‌ಸ್ಪಾಟ್ ಇರುವ ಪುಟದಲ್ಲೇ USB tethering ಎಂಬ ಗುಂಡಿ ಇರುತ್ತದೆ, ಅದನ್ನು ಆನ್ ಮಾಡಿ. ಐಫೋನ್‌ನಲ್ಲಿ Personal Hotspot ಆನ್ ಇಟ್ಟು, ಕೇಬಲ್ ಜೋಡಿಸಿದಾಗ ಬರುವ ಪ್ರಶ್ನೆಗೆ Trust ಒತ್ತಿದರೆ ಸಾಕು. ವಿಂಡೋಸ್‌ನಲ್ಲಾದರೆ ಆ್ಯಪಲ್‌ನ ಡ್ರೈವರ್ ಬೇಕಾಗುತ್ತದೆ. ಲ್ಯಾಪ್‌ಟಾಪ್‌ನ ವೈ-ಫೈ ಆಫ್ ಮಾಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಯಾವ ದಾರಿಯಲ್ಲಿ ನೆಟ್ ಬಂತು ಎಂದು ತಿಳಿಯುವುದಿಲ್ಲ.

ಕೇಬಲ್ ಹಾಕಿದಾಗ ದಾರಿಯಿಂದ ವೈ-ಫೈ ಪೂರ್ತಿ ಹೊರಬೀಳುತ್ತದೆ. ಕೇಬಲ್‌ನಲ್ಲಿ ನೆಟ್ ಬಂದರೆ ಸಿಮ್, ಪ್ಯಾಕ್, ಮಿತಿ ಎಲ್ಲವೂ ಸರಿ ಇವೆ, ತಪ್ಪು ವೈ-ಫೈ ತುಂಡಿನಲ್ಲಿದೆ. ಕೇಬಲ್‌ನಲ್ಲೂ ಬರದಿದ್ದರೆ, ಅತ್ತ ಫೋನಿನಲ್ಲಿ ಮಾತ್ರ ನೆಟ್ ಇದ್ದರೆ, ಬ್ಯಾಂಡ್ ಸೆಟ್ಟಿಂಗ್ ಕಡೆ ತಿರುಗಿಯೂ ನೋಡಬೇಡಿ. ಸಿಮ್ ಕಂಪನಿಯೋ, ಫೋನೋ ಹಂಚುವುದನ್ನು ತಡೆಯುತ್ತಿದೆ. ಇಲ್ಲವೇ ಲ್ಯಾಪ್‌ಟಾಪ್‌ನಲ್ಲೇ ಏನೋ ಇದೆ. ಅದನ್ನು ಇನ್ನೊಂದು ಸಾಧನವನ್ನು ಹಾಟ್‌ಸ್ಪಾಟ್‌ಗೆ ಸೇರಿಸಿ ನೋಡಿದರೆ ತಿಳಿಯುತ್ತದೆ.

## ಮೂರನೆಯ ಪರೀಕ್ಷೆ: ನಾಲ್ಕು ಸಾಲಿನ ಆದೇಶ

ಮತ್ತೆ ವೈ-ಫೈ ಹಾಟ್‌ಸ್ಪಾಟ್‌ಗೆ ಬನ್ನಿ. ವಿಂಡೋಸ್‌ನಲ್ಲಿ Command Prompt ತೆರೆದು ಮೊದಲ ಸಾಲನ್ನು ಕೊಡಿ. ಅದರಲ್ಲಿ Default Gateway ಎಂಬುದರ ಮುಂದೆ ಬರುವ ವಿಳಾಸವೇ ನಿಮ್ಮ ಫೋನಿನದು. ಐಫೋನ್ ಆದರೆ ಅದು 172.20.10.1 ಆಗಿರುತ್ತದೆ. ಹಳೆಯ ಆಂಡ್ರಾಯ್ಡ್‌ಗಳಲ್ಲಿ 192.168.43.1 ಇರುತ್ತಿತ್ತು, ಹೊಸವುಗಳಲ್ಲಿ ಬೇರೆ ಬೇರೆ ಬರುತ್ತದೆ. ನಿಮಗೆ ಕಂಡ ವಿಳಾಸವನ್ನೇ ಎರಡನೆಯ ಸಾಲಿನಲ್ಲಿ ಹಾಕಿ.

```
ipconfig
ping 172.20.10.1
ping 8.8.8.8
ping google.com
```

ಪಿಂಗ್ ಅಂದರೆ ಒಂದು ವಿಳಾಸಕ್ಕೆ ಚಿಕ್ಕ ಸಂದೇಶ ಕಳಿಸಿ ಉತ್ತರಕ್ಕೆ ಕಾಯುವುದು. 8.8.8.8 ಇಂಟರ್‌ನೆಟ್‌ನಲ್ಲಿರುವ ಗೂಗಲ್‌ನ ಒಂದು ಸರ್ವರ್. ಈಗ ಉತ್ತರ ಎಲ್ಲಿಯವರೆಗೆ ಬಂತು ಎಂದು ನೋಡಬೇಕು. ಲ್ಯಾಪ್‌ಟಾಪ್‌ನ ಸ್ವಂತ ವಿಳಾಸ 169.254 ಎಂದು ಶುರುವಾದರೆ ಫೋನ್ ಅದಕ್ಕೆ ವಿಳಾಸವನ್ನೇ ಕೊಟ್ಟಿಲ್ಲ ಎಂದು ಅರ್ಥ. ಲ್ಯಾಪ್‌ಟಾಪ್ ಕಾದು ಕಾದು ತಾನೇ ಒಂದನ್ನು ಇಟ್ಟುಕೊಂಡಿದೆ. ತೊಂದರೆ ಮೊದಲ ತುಂಡಿನಲ್ಲಿದೆ. ಫೋನಿನ ವಿಳಾಸ ಉತ್ತರಿಸಿ 8.8.8.8 ಉತ್ತರಿಸದಿದ್ದರೆ ತೊಂದರೆ ಎರಡನೆಯ ತುಂಡಿನಲ್ಲಿದೆ. 8.8.8.8 ಉತ್ತರಿಸಿ google.com ಉತ್ತರಿಸದಿದ್ದರೆ ಇಂಟರ್‌ನೆಟ್ ಇದೆ, ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಮಾತ್ರ ಕೆಟ್ಟಿದೆ. ಹಿಂದೆ ಯಾರೋ ಲ್ಯಾಪ್‌ಟಾಪ್‌ನಲ್ಲಿ ಆಫೀಸಿನ ಡಿಎನ್‌ಎಸ್ ವಿಳಾಸವನ್ನು ಕೈಯಾರೆ ತುಂಬಿಟ್ಟಿದ್ದರೆ ಹೀಗಾಗುತ್ತದೆ. ಅದನ್ನು Automatic ಮಾಡಿದರೆ ಮುಗಿಯಿತು.

ಉತ್ತರ ಬಂತೋ ಇಲ್ಲವೋ ಅನ್ನುವುದರ ಜೊತೆಗೆ ಎಷ್ಟು ಹೊತ್ತಿಗೆ ಬಂತು ಎಂದೂ ನೋಡಿ. ಪ್ರತಿ ಸಾಲಿನ ಕೊನೆಯ ಕಡೆ time= ಎಂದು ಮಿಲಿಸೆಕೆಂಡ್‌ನಲ್ಲಿ ಬರೆದಿರುತ್ತದೆ. ಅಕ್ಕನ ಫೋನಿನ ಕಥೆ ತಿಳಿದದ್ದು ಆ ಅಂಕಿಯಿಂದಲೇ.

## ಅಕ್ಕನ ಫೋನು: ಒಂದೇ ಅಂದುಕೊಂಡದ್ದು ಎರಡಾಗಿತ್ತು

"ಹಾಟ್‌ಸ್ಪಾಟ್ ಕೆಟ್ಟುಹೋಗಿದೆ ಕಣೋ, ಲ್ಯಾಪ್‌ಟಾಪ್‌ಗೂ ಬರ್ತಿಲ್ಲ, ಟ್ಯಾಬ್‌ಗೂ ಬರ್ತಿಲ್ಲ" ಎಂದು ಅಕ್ಕ ಫೋನ್ ಮಾಡಿದ್ದಳು. ಎರಡು ಸಾಧನಕ್ಕೂ ಬರುತ್ತಿಲ್ಲ ಅಂದರೆ ಫೋನೇ ತಪ್ಪಿತಸ್ಥ ಎಂದು ನನಗೂ ಅನ್ನಿಸಿತು.

"ಅಕ್ಕ, ಎರಡರಲ್ಲೂ ಒಂದೇ ಥರ ಬರ್ತಿದೆಯಾ? ಪರದೆ ಮೇಲೆ ಏನಿದೆ ಅದನ್ನೇ ಓದು" ಎಂದೆ. ಲ್ಯಾಪ್‌ಟಾಪ್‌ನಲ್ಲಿ ಸೇರಿಕೊಂಡಿದೆ, No internet ಎಂದಿದೆ. ಟ್ಯಾಬ್‌ನಲ್ಲಿ ಹಾಟ್‌ಸ್ಪಾಟ್ ಹೆಸರೇ ಪಟ್ಟಿಯಲ್ಲಿಲ್ಲ. ಅಲ್ಲಿಗೆ ಇವು ಬೇರೆ ಬೇರೆ ಕಾಯಿಲೆ ಎಂದು ಗೊತ್ತಾಯಿತು. ಟ್ಯಾಬ್‌ನದು ಮೊದಲ ತುಂಡು, ಲ್ಯಾಪ್‌ಟಾಪ್‌ನದು ಎರಡನೆಯದು.

ಲ್ಯಾಪ್‌ಟಾಪ್ ಮೊದಲು ಹಿಡಿದೆವು. ಫೋನಿನ ವೈ-ಫೈ ಆಫ್ ಮಾಡಿ ವೇಗ ಅಳೆದಾಗ ಸೆಕೆಂಡಿಗೆ 32 ಮೆಗಾಬಿಟ್ ಬಂತು. ಸಿಮ್ ಜೀವಂತ ಇದೆ. ಲ್ಯಾಪ್‌ಟಾಪ್‌ನಿಂದ ಫೋನಿನ ವಿಳಾಸಕ್ಕೆ ಪಿಂಗ್ ಮಾಡಿದರೆ 3 ಮಿಲಿಸೆಕೆಂಡ್‌ನಲ್ಲಿ ಉತ್ತರ, ನಾಲ್ಕಕ್ಕೆ ನಾಲ್ಕೂ ಬಂದವು. ವೈ-ಫೈ ತುಂಡು ಗಟ್ಟಿ ಇದೆ. 8.8.8.8ಕ್ಕೆ ಮಾಡಿದಾಗ ಎರಡು ಕಳೆದುಹೋದವು, ಉಳಿದೆರಡು 1400 ಮತ್ತು 2100 ಮಿಲಿಸೆಕೆಂಡ್ ತೆಗೆದುಕೊಂಡವು. ಅಂದರೆ ಇಂಟರ್‌ನೆಟ್ ಇಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಇದೆ, ಆದರೆ ತೆವಳುತ್ತಿದೆ. ಕೇಬಲ್ ಹಾಕಿ ನೋಡಿದರೂ ಅದೇ ಕಥೆ, ಸೆಕೆಂಡಿಗೆ 0.1 ಮೆಗಾಬಿಟ್ ಕೂಡ ದಾಟಲಿಲ್ಲ.

ಒಂದೇ ಸಿಮ್, ಒಂದೇ ಟವರ್, ಒಂದೇ ಕ್ಷಣ. ಫೋನಿಗೆ 32, ಲ್ಯಾಪ್‌ಟಾಪ್‌ಗೆ 0.1. ಹೀಗೆ ಬಂದರೆ ಹಾಟ್‌ಸ್ಪಾಟ್‌ಗೆ ಎಂದು ಇಟ್ಟ ಪಾಲು ಮುಗಿದಿದೆಯೇ ಎಂದು ನೋಡಬೇಕು. ಅಕ್ಕನ ಸಿಮ್ ಕಂಪನಿಯ ಆ್ಯಪ್ ತೆರೆಸಿದೆ. ಮುಖಪುಟದಲ್ಲಿ 60 ಜಿಬಿಯಲ್ಲಿ 41 ಜಿಬಿ ಬಾಕಿ ಎಂದು ದೊಡ್ಡದಾಗಿ ಇತ್ತು. ಅವಳು ನೋಡಿ ನೆಮ್ಮದಿಯಾಗಿದ್ದದ್ದು ಅದನ್ನೇ. ಪ್ಲಾನ್ ವಿವರದ ಒಳಗೆ ಹೋದರೆ ಇನ್ನೊಂದು ಸಾಲು: ಹಾಟ್‌ಸ್ಪಾಟ್ 10 ಜಿಬಿ, ಬಾಕಿ 0. ಅದು ಮುಗಿದ ಮೇಲೆ ವೇಗ 64 ಕಿಲೊಬಿಟ್‌ಗೆ ಇಳಿಯುತ್ತದೆ ಎಂದು ಕೆಳಗೆ ಸಣ್ಣಕ್ಷರದಲ್ಲಿತ್ತು.

64 ಕಿಲೊಬಿಟ್ ಅಂದರೆ ಎಷ್ಟು ಗೊತ್ತಾ? ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ 8 ಕಿಲೊಬೈಟ್. ಇವತ್ತಿನ ಒಂದು ಸಾಧಾರಣ ವೆಬ್ ಪುಟ 2 ಮೆಗಾಬೈಟ್ ಇದೆ ಎಂದುಕೊಳ್ಳಿ. ಅದು ಇಳಿಯಲು 250 ಸೆಕೆಂಡ್, ಅಂದರೆ ನಾಲ್ಕು ನಿಮಿಷಕ್ಕೂ ಜಾಸ್ತಿ ಬೇಕು. ಅಷ್ಟು ಹೊತ್ತು ಬ್ರೌಸರ್ ಕಾಯುವುದಿಲ್ಲ. ಜೊತೆಗೆ ಲ್ಯಾಪ್‌ಟಾಪ್ ಸುಮ್ನೆ ಇರುವುದಿಲ್ಲ, ಹತ್ತಾರು ಆ್ಯಪ್‌ಗಳು ಒಟ್ಟಿಗೆ ಆ ಸಣ್ಣ ಕೊಳವೆಗೆ ನುಗ್ಗುತ್ತವೆ. ವಿಂಡೋಸ್ ಇಂಟರ್‌ನೆಟ್ ಇದೆಯೇ ಎಂದು ತಿಳಿಯಲು ತನ್ನದೇ ಒಂದು ಚಿಕ್ಕ ಪುಟವನ್ನು ಕರೆದು ನೋಡುತ್ತದೆ. ಅದಕ್ಕೂ ಹೊತ್ತಿಗೆ ಸರಿಯಾಗಿ ಉತ್ತರ ಸಿಗದಿದ್ದರೆ No internet ಎಂದು ಬರೆದುಬಿಡುತ್ತದೆ.

ಕಂಪನಿಗೆ ಇದು ಲ್ಯಾಪ್‌ಟಾಪ್‌ನ ಡೇಟಾ ಎಂದು ಹೇಗೆ ಗೊತ್ತಾಗುತ್ತದೆ ಎಂದು ಅಕ್ಕ ಕೇಳಿದಳು. ದಾರಿ ಹಲವು. ಕೆಲವು ಜಾಲಗಳಲ್ಲಿ ಫೋನ್ ತಾನೇ ಹಾಟ್‌ಸ್ಪಾಟ್ ಡೇಟಾವನ್ನು ಬೇರೆ ಬಾಗಿಲಿನಿಂದ ಕಳಿಸುತ್ತದೆ. ಡೇಟಾ ಹೋಗುವುದು ಪ್ಯಾಕೆಟ್ ಎಂಬ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ. ಇನ್ನು ಕೆಲವು ಕಡೆ ಪ್ರತಿ ಪ್ಯಾಕೆಟ್ ಮೇಲೆ ಇರುವ ಟಿಟಿಎಲ್ ಎಂಬ ಅಂಕಿ ಗುಟ್ಟು ಬಿಟ್ಟುಕೊಡುತ್ತದೆ. ಫೋನಿನ ಸ್ವಂತ ಪ್ಯಾಕೆಟ್ ಸಾಮಾನ್ಯವಾಗಿ 64 ಎಂಬ ಅಂಕಿಯೊಂದಿಗೆ ಹೊರಡುತ್ತದೆ. ವಿಂಡೋಸ್‌ನದು 128ರಿಂದ ಶುರುವಾಗಿ, ಫೋನ್ ದಾಟುವಾಗ ಒಂದು ಕಡಿಮೆಯಾಗಿ 127 ಆಗಿ ಹೊರಬರುತ್ತದೆ. ಇದನ್ನು ಮರೆಮಾಚುವ ಕಸರತ್ತುಗಳೂ ಇವೆ. ಆದರೆ ಅದು ಪ್ಲಾನ್‌ನ ಷರತ್ತು ಮುರಿದಂತೆ, ಆ ದಾರಿ ಇಲ್ಲಿ ಬೇಡ.

ಟ್ಯಾಬ್ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಡೇಟಾ ಮಿತಿಗಳು ಎಲ್ಲೆಲ್ಲಿ ಅಡಗಿರುತ್ತವೆ ನೋಡೋಣ.

## ಮಿತಿ ಇರುವುದು ಮೂರು ಕಡೆ

ಮೊದಲನೆಯದು ಕಂಪನಿಯ ಮಿತಿ, ಈಗ ಹೇಳಿದ್ದು. ಇದನ್ನು ನೋಡಲು ಫೋನಿನ ಸೆಟ್ಟಿಂಗ್ ಸಾಲದು, ಕಂಪನಿಯ ಆ್ಯಪ್ ಅಥವಾ ಖಾತೆಯಲ್ಲೇ ನೋಡಬೇಕು. ಒಟ್ಟು ಬಾಕಿ ನೋಡಿ ನಿಲ್ಲಬೇಡಿ. Hotspot ಅಥವಾ Tethering ಎಂಬ ಬೇರೆ ಸಾಲು ಇದೆಯೇ ಎಂದು ಹುಡುಕಿ. ಎಲ್ಲ ಪ್ಲಾನ್‌ಗಳಲ್ಲೂ ಬೇರೆ ಪಾಲು ಇರುವುದಿಲ್ಲ. ಕೆಲವದರಲ್ಲಿ ಎರಡೂ ಒಂದೇ ಲೆಕ್ಕ, ಕೆಲವದರಲ್ಲಿ ಹಾಟ್‌ಸ್ಪಾಟ್‌ಗೆ ಅನುಮತಿಯೇ ಇಲ್ಲ. ಅನುಮತಿ ಇಲ್ಲದ ಕಡೆ ವೇಗ ತೆವಳುವುದಿಲ್ಲ, 8.8.8.8ಕ್ಕೆ ಒಂದೂ ಉತ್ತರ ಬರುವುದಿಲ್ಲ. ಇಲ್ಲವೇ ಯಾವ ಪುಟ ತೆರೆದರೂ ಕಂಪನಿಯ ರೀಚಾರ್ಜ್ ಪುಟವೇ ಬಂದು ನಿಲ್ಲುತ್ತದೆ. ದಿನಕ್ಕೆ ಇಷ್ಟು ಎಂದು ಕೊಡುವ ಪ್ಲಾನ್ ಆದರೆ, ಫೋನಿನಲ್ಲೂ ವೇಗ ಬಿದ್ದಿರುತ್ತದೆ. ಆ ದಿನ ಕಳೆದ ಮೇಲೆ ತಾನಾಗಿ ಸರಿಹೋದರೆ ಕಾರಣ ಅದೇ.

ಎರಡನೆಯದು ಫೋನಿನಲ್ಲಿ ನೀವೇ ಇಟ್ಟ ಮಿತಿ. ಆಂಡ್ರಾಯ್ಡ್‌ನಲ್ಲಿ ಸಿಮ್‌ನ ಪುಟದ ಒಳಗೆ, ಇಲ್ಲವೇ Data usage ಪುಟದಲ್ಲಿ Data warning & limit ಎಂದು ಇರುತ್ತದೆ. ಅದರಲ್ಲಿ Data warning ಬರೀ ಎಚ್ಚರಿಕೆ ಕೊಡುತ್ತದೆ. Set data limit ಆನ್ ಇದ್ದರೆ, ಹೇಳಿದಷ್ಟು ಡೇಟಾ ಮುಗಿದ ಕ್ಷಣ ಫೋನ್ ಮೊಬೈಲ್ ಡೇಟಾವನ್ನೇ ನಿಲ್ಲಿಸುತ್ತದೆ. ಫೋನ್ ಮನೆಯ ವೈ-ಫೈಯಲ್ಲಿದ್ದರೆ ಇದು ಗಮನಕ್ಕೇ ಬರುವುದಿಲ್ಲ. ಮೊದಲ ಪರೀಕ್ಷೆಯಲ್ಲಿ ವೈ-ಫೈ ಆಫ್ ಮಾಡಿ ಎಂದು ಒತ್ತಿ ಹೇಳಿದ್ದು ಇದಕ್ಕೇ.

ಇಲ್ಲೇ ಲೆಕ್ಕ ಶುರುವಾಗುವ ದಿನಾಂಕವನ್ನೂ ನೋಡಿ. ಕಂಪನಿಯ ತಿಂಗಳು 17ಕ್ಕೆ ಶುರುವಾಗಿ, ಫೋನಿನ ಲೆಕ್ಕ 1ನೇ ತಾರೀಕಿಗೆ ಶುರುವಾಗುತ್ತಿದ್ದರೆ ಎರಡೂ ಎಂದೂ ತಾಳೆಯಾಗುವುದಿಲ್ಲ. ಕಂಪನಿ ಹೊಸ ಡೇಟಾ ಕೊಟ್ಟ ಮೇಲೂ ಫೋನ್ ಮುಗಿದಿದೆ ಎಂದು ಹಟ ಹಿಡಿಯುತ್ತದೆ. ಐಫೋನ್‌ನಲ್ಲಿ ಇಂಥ ತಡೆಗೋಡೆ ಇಲ್ಲ, ಬಳಕೆಯ ಅಂಕಿ ಮಾತ್ರ ಇದೆ. ಅದರ Current Period ಎಂಬ ಅಂಕಿ ತಿಂಗಳಿಗೊಮ್ಮೆ ತಾನಾಗಿ ಸೊನ್ನೆಯಾಗುತ್ತದೆ ಎಂದು ನಂಬಬೇಡಿ. Reset Statistics ಒತ್ತಿದ ದಿನದಿಂದ ಅದು ಎಣಿಸುತ್ತದೆ, ಎಂದೂ ಒತ್ತದಿದ್ದರೆ ವರ್ಷಗಳ ಲೆಕ್ಕ ಅಲ್ಲಿರುತ್ತದೆ.

ಮೂರನೆಯದು ಹಾಟ್‌ಸ್ಪಾಟ್‌ನ ಒಳಗೇ ಇರುವ ಮಿತಿ. ಕೆಲವು ಕಂಪನಿಗಳ ಆಂಡ್ರಾಯ್ಡ್ ಫೋನ್‌ಗಳಲ್ಲಿ ಹಾಟ್‌ಸ್ಪಾಟ್ ಪುಟದಲ್ಲೇ ಇಷ್ಟು ಡೇಟಾ ಆದ ಮೇಲೆ ನಿಲ್ಲಿಸು ಎಂಬ ಆಯ್ಕೆ ಇರುತ್ತದೆ. ಕೆಲವದರಲ್ಲಿ ಸೇರಿದ ಒಂದೊಂದು ಸಾಧನಕ್ಕೂ ಬೇರೆ ಮಿತಿ ಇಡಬಹುದು. ಮಕ್ಕಳ ಟ್ಯಾಬ್‌ಗೆ ಎಂದು ಒಮ್ಮೆ ಇಟ್ಟು ಮರೆತಿರುತ್ತೇವೆ. Connected devices ಪಟ್ಟಿಯನ್ನು ಒಮ್ಮೆ ತೆರೆದು, ನಿಮ್ಮ ಸಾಧನದ ಹೆಸರು ಒತ್ತಿ ನೋಡಿ. Data Saver ಕೂಡ ಇದೇ ಗುಂಪಿನದು. ಆಂಡ್ರಾಯ್ಡ್‌ನಲ್ಲಿ ಅದು ಆನ್ ಇದ್ದರೆ ಸಾಮಾನ್ಯವಾಗಿ ಹಾಟ್‌ಸ್ಪಾಟ್ ಗುಂಡಿಯೇ ಮಂಕಾಗಿರುತ್ತದೆ. ಪರೀಕ್ಷೆ ಮುಗಿಯುವವರೆಗೆ ಅದನ್ನು ಆಫ್ ಇಡಿ.

ಹಾಟ್‌ಸ್ಪಾಟ್ ಎಷ್ಟು ತಿಂದಿದೆ ಎಂದು ಫೋನೇ ಹೇಳುತ್ತದೆ. ಆಂಡ್ರಾಯ್ಡ್‌ನಲ್ಲಿ ಆ್ಯಪ್‌ಗಳ ಡೇಟಾ ಪಟ್ಟಿಯಲ್ಲಿ ಹಾಟ್‌ಸ್ಪಾಟ್‌ಗೂ ಒಂದು ಸಾಲು ಇರುತ್ತದೆ. ಐಫೋನ್‌ನಲ್ಲಿ Mobile Data ಅಥವಾ Cellular ಪುಟದಲ್ಲಿ Personal Hotspot ಎಂಬ ಸಾಲು ಇದೆ. ಅಕ್ಕನ ಫೋನಿನಲ್ಲಿ ಆ ಸಾಲಿನ ಮುಂದೆ 10.3 ಜಿಬಿ ಎಂದಿತ್ತು.

## ಮಿತಿ ಸರಿ ಇದ್ದೂ ಬರದಿದ್ದರೆ: ಎಪಿಎನ್

ಮೂರೂ ಮಿತಿ ನೋಡಿದಿರಿ, ಪ್ಲಾನ್‌ನಲ್ಲಿ ಹಾಟ್‌ಸ್ಪಾಟ್‌ಗೆ ಅನುಮತಿ ಇದೆ, ಆದರೂ ಕೇಬಲ್‌ನಲ್ಲೂ ನೆಟ್ ಇಲ್ಲ. ಆಗ ಎಪಿಎನ್ ನೋಡಬೇಕು. ಫೋನ್ ಇಂಟರ್‌ನೆಟ್‌ಗೆ ಹೋಗುವ ಬಾಗಿಲಿನ ಹೆಸರು ಅದು. ಹೊಸ ಸಿಮ್ ಹಾಕಿದಾಗ ಎಪಿಎನ್ ಅನ್ನು ಕೈಯಾರೆ ತುಂಬಿದ್ದವರಿಗೆ ಈ ತೊಂದರೆ ಜಾಸ್ತಿ. ಫೋನಿಗಷ್ಟೇ ಬೇಕಾದ್ದನ್ನು ತುಂಬಿ, ಹಾಟ್‌ಸ್ಪಾಟ್‌ಗೆ ಬೇಕಾದ್ದನ್ನು ಬಿಟ್ಟಿರುತ್ತಾರೆ.

ಆಂಡ್ರಾಯ್ಡ್‌ನಲ್ಲಿ Access Point Names ಪುಟ ತೆರೆದು, ಮೊದಲು ಈಗಿರುವ ವಿವರವನ್ನು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಮೇಲಿನ ಮೂರು ಚುಕ್ಕೆ ಒತ್ತಿ Reset to default ಕೊಡಿ. ಹೆಚ್ಚಿನ ಸಲ ಸಿಮ್‌ಗೆ ತಕ್ಕ ಎಪಿಎನ್ ತಾನೇ ಬಂದು ಕೂರುತ್ತದೆ. ಅಷ್ಟಕ್ಕೆ ಆಗದಿದ್ದರೆ APN type ಎಂಬ ಸಾಲು ನೋಡಿ. ಅಲ್ಲಿ dun ಎಂಬ ಪದ ಬೇಕೇ ಎಂದು ಕಂಪನಿಯನ್ನು ಕೇಳಿ. ಕೆಲವು ಜಾಲಗಳಲ್ಲಿ ಹಾಟ್‌ಸ್ಪಾಟ್ ಡೇಟಾ ಹೋಗುವುದು ಆ ಗುರುತಿನ ಮೂಲಕವೇ. ಬೇಕು ಎಂದರೆ ಸಾಲು ಹೀಗಿರುತ್ತದೆ, ನಡುವೆ ಜಾಗ ಬಿಡಬಾರದು:

```
default,supl,dun
```

ಇನ್ನೊಂದು ವಿಚಿತ್ರ ಲಕ್ಷಣ ಇದೆ. ಗೂಗಲ್, ಯೂಟ್ಯೂಬ್ ತೆರೆಯುತ್ತವೆ, ಬೇರೆ ಎಷ್ಟೋ ತಾಣಗಳು ತೆರೆಯುವುದಿಲ್ಲ. ಇಂಟರ್‌ನೆಟ್‌ನಲ್ಲಿ ಹಳೆಯ ಐಪಿವಿ4, ಹೊಸ ಐಪಿವಿ6 ಎಂದು ಎರಡು ಬಗೆಯ ವಿಳಾಸಗಳಿವೆ. ದೊಡ್ಡ ತಾಣಗಳಿಗೆ ಎರಡೂ ಇವೆ, ಎಷ್ಟೋ ತಾಣಗಳಿಗೆ ಹಳೆಯದು ಮಾತ್ರ. ಲ್ಯಾಪ್‌ಟಾಪ್‌ಗೆ ಹೊಸ ದಾರಿ ಒಂದೇ ಸಿಕ್ಕಿದರೆ ಹೀಗೆ ಅರ್ಧಂಬರ್ಧ ಇಂಟರ್‌ನೆಟ್ ಬರುತ್ತದೆ. ಅದೇ ಎಪಿಎನ್ ಪುಟದಲ್ಲಿ APN protocol ಎಂಬುದನ್ನು IPv4/IPv6 ಮಾಡಿ, ಉಳಿಸಿ, ಮೊಬೈಲ್ ಡೇಟಾ ಒಮ್ಮೆ ಆಫ್ ಮಾಡಿ ಆನ್ ಮಾಡಿ.

## ಬ್ಯಾಂಡ್: ಟ್ಯಾಬ್‌ಗೆ ಹೆಸರೇ ಕಾಣದ ಕಥೆ

ಅಕ್ಕನ ಟ್ಯಾಬ್ ಹಳೆಯದು. ಅದರ ವೈ-ಫೈಗೆ ಗೊತ್ತಿರುವುದು 2.4 ಗಿಗಾಹರ್ಟ್ಜ್ ಮಾತ್ರ. ಹೊಸ ಫೋನ್ ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಜ್‌ನಲ್ಲಿ ಬಿಡುತ್ತಿತ್ತು. ಟ್ಯಾಬ್ ಪಾಲಿಗೆ ಅಂಥದ್ದೊಂದು ಹಾಟ್‌ಸ್ಪಾಟ್ ಇರಲೇ ಇಲ್ಲ. ಹಳೆಯ ಟ್ಯಾಬ್‌ಗಳಷ್ಟೇ ಅಲ್ಲ, ಎಷ್ಟೋ ಪ್ರಿಂಟರ್‌ಗಳು, ವೈ-ಫೈ ಕ್ಯಾಮೆರಾಗಳು, ಸ್ಮಾರ್ಟ್ ಬಲ್ಬ್‌ಗಳು 2.4ರಲ್ಲೇ ಕೆಲಸ ಮಾಡುತ್ತವೆ.

ಐಫೋನ್ 12 ಮತ್ತು ಆಮೇಲಿನ ಫೋನ್‌ಗಳಲ್ಲಿ Personal Hotspot ಪುಟದಲ್ಲಿ Maximize Compatibility ಎಂಬ ಗುಂಡಿ ಇದೆ. ಅದನ್ನು ಆನ್ ಮಾಡಿದರೆ ಹಾಟ್‌ಸ್ಪಾಟ್ 2.4ಕ್ಕೆ ಬರುತ್ತದೆ. ಆ ಪುಟವನ್ನು ಮುಚ್ಚದೆ, ಇನ್ನೊಂದು ಸಾಧನ ಸೇರುವವರೆಗೆ ಹಾಗೇ ತೆರೆದಿಡಿ; ಇಲ್ಲದಿದ್ದರೆ ಹೆಸರು ಮತ್ತೆ ಮರೆಯಾಗಬಹುದು. ಆಂಡ್ರಾಯ್ಡ್‌ನಲ್ಲಿ ಇದರ ಹೆಸರು ಫೋನಿಂದ ಫೋನಿಗೆ ಬದಲು. Band, AP Band, Extend compatibility, Speed & compatibility ಇವುಗಳಲ್ಲಿ ಒಂದು ಕಾಣುತ್ತದೆ. 2.4 GHz ಆಯ್ಕೆ ಮಾಡಿ ಉಳಿಸಿ.

ಲ್ಯಾಪ್‌ಟಾಪ್ ಯಾವ ಬ್ಯಾಂಡ್ ಹಿಡಿಯಬಲ್ಲದು, ಈಗ ಯಾವುದರಲ್ಲಿದೆ ಎಂದು ವಿಂಡೋಸ್‌ನಲ್ಲಿ ಹೀಗೆ ನೋಡಬಹುದು:

```
netsh wlan show drivers
netsh wlan show interfaces
```

ಮೊದಲನೆಯದರಲ್ಲಿ Radio types supported ಎಂಬ ಸಾಲು ನೋಡಿ. ಅಲ್ಲಿ 802.11a ಅಥವಾ 802.11ac ಇದ್ದರೆ 5 ಗಿಗಾಹರ್ಟ್ಜ್ ಹಿಡಿಯುತ್ತದೆ. b, g, n ಮೂರೇ ಇದ್ದರೆ ಬಹುಮಟ್ಟಿಗೆ 2.4 ಮಾತ್ರ. ಎರಡನೆಯದರಲ್ಲಿ Channel ಎಂಬ ಅಂಕಿ ಇದೆ. ಅದು 14ರ ಒಳಗಿದ್ದರೆ ಸಾಮಾನ್ಯವಾಗಿ 2.4, 36 ಅಥವಾ ಅದಕ್ಕಿಂತ ದೊಡ್ಡದಿದ್ದರೆ 5.

ಬ್ಯಾಂಡ್ ತಪ್ಪಿದ್ದರೆ ಹೆಸರೇ ಕಾಣುವುದಿಲ್ಲ ಎಂದೆ. ಆದರೆ ಸೇರಿಕೊಂಡ ಮೇಲೂ ಇಂಟರ್‌ನೆಟ್ ಇಲ್ಲದಂತೆ ಬ್ಯಾಂಡ್ ಆಟ ಆಡಿಸುವ ಸಂದರ್ಭವೂ ಇದೆ. 5 ಗಿಗಾಹರ್ಟ್ಜ್‌ಗೆ ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. ಫೋನ್ ಒಂದು ಕೋಣೆಯಲ್ಲಿ, ಲ್ಯಾಪ್‌ಟಾಪ್ ಇನ್ನೊಂದರಲ್ಲಿ ಇದ್ದರೆ ಸಂಪರ್ಕ ಹೆಸರಿಗೆ ಉಳಿದು, ಪ್ಯಾಕೆಟ್‌ಗಳು ದಾರಿಯಲ್ಲೇ ಬೀಳುತ್ತವೆ. 2.4 ದೂರ ಹೋಗುತ್ತದೆ, ಆದರೆ ಅಲ್ಲಿ ಅಕ್ಕಪಕ್ಕದವರ ವೈ-ಫೈ, ಬ್ಲೂಟೂತ್ ಎಲ್ಲದರ ಜನಜಂಗುಳಿ. ಲ್ಯಾಪ್‌ಟಾಪ್‌ಗೆ ಚುಚ್ಚಿದ ಯುಎಸ್‌ಬಿ 3 ಡಿಸ್ಕ್ ಕೂಡ ಆ ಬ್ಯಾಂಡ್‌ನಲ್ಲಿ ಗದ್ದಲ ಎಬ್ಬಿಸುತ್ತದೆ.

ಗೊತ್ತಾಗುವುದು ಹೇಗೆ? ಹಿಂದಿನ ಪಿಂಗನ್ನೇ ಇನ್ನಷ್ಟು ಹೊತ್ತು ಓಡಿಸಿ, ಆದರೆ ಫೋನಿನ ವಿಳಾಸಕ್ಕೆ:

```
ping -n 20 172.20.10.1
```

ಕೈಗೆಟಕುವಷ್ಟು ಹತ್ತಿರ ಇರುವ ಫೋನಿನಿಂದ 20ಕ್ಕೆ 20 ಬರಬೇಕು. ನಾಲ್ಕೈದು ಕಳೆದುಹೋದರೆ, ಇಲ್ಲವೇ ಉತ್ತರ ನೂರಾರು ಮಿಲಿಸೆಕೆಂಡ್ ತೆಗೆದುಕೊಂಡರೆ ವೈ-ಫೈ ತುಂಡೇ ಸೋರುತ್ತಿದೆ. ಫೋನ್ ಹತ್ತಿರ ತನ್ನಿ, ಡಿಸ್ಕ್ ಕಿತ್ತಿಡಿ, ಬ್ಯಾಂಡ್ ಬದಲಿಸಿ. ಒಂದು ಮಾಡಿದ ಮೇಲೆ ಮತ್ತೆ ಪಿಂಗ್, ಆಮೇಲೆ ಇನ್ನೊಂದು.

ಬ್ಯಾಂಡ್ ಪಕ್ಕದಲ್ಲೇ Security ಎಂಬ ಆಯ್ಕೆ ಇರುತ್ತದೆ. ಅದು WPA3 ಮಾತ್ರ ಎಂದಿದ್ದರೆ ಹಳೆಯ ಸಾಧನಕ್ಕೆ ಹೆಸರು ಕಂಡರೂ ಸೇರಲು ಆಗುವುದಿಲ್ಲ. WPA2/WPA3 ಅಥವಾ WPA2 ಮಾಡಿ. ಪಾಸ್‌ವರ್ಡೇ ಇಲ್ಲದ Open ಮಾತ್ರ ಬೇಡ. ದಾರಿಹೋಕರು ನಿಮ್ಮ ಡೇಟಾ ಮುಗಿಸಿಬಿಟ್ಟಾರು. ಇವನ್ನು ಬದಲಿಸಿದ ಮೇಲೆ ಇನ್ನೊಂದು ಸಾಧನದಲ್ಲಿ ಹಾಟ್‌ಸ್ಪಾಟ್ ಹೆಸರನ್ನು Forget ಮಾಡಿ ಹೊಸದಾಗಿ ಸೇರಿಸಿ. ಅದು ಹಳೆಯ ವಿವರವನ್ನೇ ನೆನಪಿಟ್ಟುಕೊಂಡು ತಿಣುಕುತ್ತಿರುತ್ತದೆ.

## ಒಂದೇ ಸಾಧನಕ್ಕೆ ಬರದಿದ್ದರೆ

ಬೇರೆ ಸಾಧನಗಳಿಗೆಲ್ಲ ಬಂದು ಒಂದಕ್ಕೆ ಮಾತ್ರ ಬರದಿದ್ದರೆ ಫೋನನ್ನು ಬಿಟ್ಟು ಆ ಸಾಧನ ನೋಡಿ. ಆಫೀಸ್ ಲ್ಯಾಪ್‌ಟಾಪ್ ಆದರೆ ವಿಪಿಎನ್, ಪ್ರಾಕ್ಸಿ ಆಫ್ ಮಾಡಿ ನೋಡಿ. ಐಪಿ ವಿಳಾಸವನ್ನು ಕೈಯಾರೆ ತುಂಬಿದ್ದರೆ Automatic ಮಾಡಿ. ದಿನಾಂಕ, ಸಮಯ ಸರಿ ಇವೆಯೇ ನೋಡಿ. ಬ್ಯಾಟರಿ ಪೂರ್ತಿ ಇಳಿದು ಎಷ್ಟೋ ದಿನ ಮೂಲೆಯಲ್ಲಿದ್ದ ಟ್ಯಾಬ್‌ನಲ್ಲಿ ದಿನಾಂಕ ಹಿಂದೆ ಹೋಗಿರುತ್ತದೆ, ಆಗ ಪಿಂಗ್ ಬಂದರೂ ಪುಟಗಳು ತೆರೆಯುವುದಿಲ್ಲ. ಫೋನಿನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ಪೂರ್ತಿ ರೀಸೆಟ್ ಮಾಡುವುದನ್ನು ಕೊನೆಗೆ ಇಟ್ಟುಕೊಳ್ಳಿ. ಉಳಿಸಿಟ್ಟ ವೈ-ಫೈ ಪಾಸ್‌ವರ್ಡ್‌ಗಳು, ಕೆಲವು ಫೋನ್‌ಗಳಲ್ಲಿ ಬ್ಲೂಟೂತ್ ಜೋಡಿಗಳೂ ಅದರಲ್ಲಿ ಅಳಿಸಿಹೋಗುತ್ತವೆ.

## 10 ಜಿಬಿ ಹೋದದ್ದೆಲ್ಲಿಗೆ

ಅಕ್ಕನ ಟ್ಯಾಬ್ 2.4ಕ್ಕೆ ಬದಲಿಸಿದ ಕೂಡಲೇ ಹಾಟ್‌ಸ್ಪಾಟ್ ಸೇರಿತು. ಅದಕ್ಕೂ ಸಿಕ್ಕಿದ್ದು ಅದೇ ತೆವಳುವ ಇಂಟರ್‌ನೆಟ್. ಪಾಲು ಮುಗಿದಿತ್ತಲ್ಲ. ಮುಂದಿನ ಲೆಕ್ಕ ಶುರುವಾಗಲು ಇನ್ನೂ ಆರು ದಿನವಿತ್ತು. ಅವಳು ಹಾಟ್‌ಸ್ಪಾಟ್‌ಗೆ ಎಂದು ಹೆಚ್ಚುವರಿ ಪ್ಯಾಕ್ ಹಾಕಿಸಿಕೊಂಡಳು. ಹಾಕಿಸಿದ ಮೇಲೂ ಹತ್ತು ನಿಮಿಷ ವೇಗ ಹಾಗೇ ಇತ್ತು. ಏರೋಪ್ಲೇನ್ ಮೋಡ್ ಒಮ್ಮೆ ಹಾಕಿ ತೆಗೆದ ಮೇಲೆ ಫೋನ್ ಜಾಲಕ್ಕೆ ಹೊಸದಾಗಿ ಸೇರಿತು, ಲ್ಯಾಪ್‌ಟಾಪ್‌ನಲ್ಲಿ 27 ಮೆಗಾಬಿಟ್ ಬಂತು.

"ನಾನು ಮೇಲ್ ಮಾತ್ರ ನೋಡಿದ್ದು, 10 ಜಿಬಿ ಹೇಗೆ ಹೋಯ್ತು?" ಎಂದು ಕೇಳಿದಳು. ವಿಂಡೋಸ್‌ನ Settings ಒಳಗೆ Network & internet, Advanced network settings, Data usage ಎಂದು ಹೋದರೆ ಕಳೆದ 30 ದಿನದಲ್ಲಿ ಯಾವ ಆ್ಯಪ್ ಎಷ್ಟು ಬಳಸಿತು ಎಂದು ಕಾಣುತ್ತದೆ. ಅವಳ ಪಟ್ಟಿಯ ತುದಿಯಲ್ಲಿ ಇದ್ದದ್ದು ಫೋಟೊಗಳನ್ನು ಕ್ಲೌಡ್‌ಗೆ ಏರಿಸುವ ಆ್ಯಪ್, ಅದರ ಹಿಂದೆಯೇ ವಿಂಡೋಸ್‌ನ ಅಪ್‌ಡೇಟ್. ಹಾಟ್‌ಸ್ಪಾಟ್ ಯಾವುದು, ಮನೆಯ ವೈ-ಫೈ ಯಾವುದು ಎಂದು ಲ್ಯಾಪ್‌ಟಾಪ್‌ಗೆ ಯಾರೂ ಹೇಳಿರಲಿಲ್ಲ. ಹಾಟ್‌ಸ್ಪಾಟ್ ಸೇರಿರುವಾಗ Wi-Fi ಪುಟದಲ್ಲಿ ಅದರ properties ತೆರೆದು Metered connection ಆನ್ ಮಾಡಿಸಿದೆ. ಮ್ಯಾಕ್ ಆಗಿದ್ದರೆ ಅದೇ ಜಾಗದಲ್ಲಿ Low Data Mode ಇರುತ್ತದೆ. ಇದಾದ ಮೇಲೆ ದೊಡ್ಡ ಅಪ್‌ಡೇಟ್‌ಗಳು ಹೆಚ್ಚಾಗಿ ಮನೆಯ ವೈ-ಫೈಗೆ ಕಾಯುತ್ತವೆ. ಫೋಟೊ ಆ್ಯಪ್ ಮಾತ್ರ ಅದಕ್ಕೆ ಸೊಪ್ಪು ಹಾಕಲಿಲ್ಲ, ಅದರ ಸ್ವಂತ ಸೆಟ್ಟಿಂಗ್‌ಗೆ ಹೋಗಿ ಬೇರೆಯಾಗಿ ನಿಲ್ಲಿಸಬೇಕಾಯಿತು.